ಸ್ಟೇಟಸ್ ಯಾರ ಕಣ್ಣಿಗೆ ಬೀಳುತ್ತದೆ?

ವಾಟ್ಸಾಪ್‌ನ ಸ್ಟೇಟಸ್ ಎಂದರೆ ಹಾಕಿದ 24 ಗಂಟೆಗಳ ನಂತರ ತಾನಾಗಿ ಮರೆಯಾಗುವ ಫೋಟೊ, ವಿಡಿಯೊ ಅಥವಾ ಬರಹ. ಈ ಆ್ಯಪ್ 2009ರಲ್ಲಿ ಶುರುವಾದಾಗ ಸ್ಟೇಟಸ್ ಎಂಬುದು ಹೆಸರಿನ ಜೊತೆ ಕಾಣುವ ಒಂದು ಸಾಲಷ್ಟೇ ಆಗಿತ್ತು. ‘ಕೆಲಸದಲ್ಲಿದ್ದೇನೆ’, ‘ಬ್ಯಾಟರಿ ಮುಗಿಯುತ್ತಿದೆ’ ಎಂಬಂಥ ಸುದ್ದಿಯನ್ನು ಅದು ತಿಳಿಸುತ್ತಿತ್ತು. ಒಂದು ದಿನವಿದ್ದು ಮಾಯವಾಗುವ ಚಿತ್ರಸರಣಿಯನ್ನು ಸ್ನ್ಯಾಪ್‌ಚಾಟ್ 2013ರಲ್ಲಿ ಸ್ಟೋರಿ ಎಂಬ ಹೆಸರಿನಲ್ಲಿ ತಂದಿತು. 2016ರ ಆಗಸ್ಟ್‌ನಲ್ಲಿ ಇನ್‌ಸ್ಟಾಗ್ರಾಮ್ ಅದನ್ನು ಅಳವಡಿಸಿಕೊಂಡಿತು. 2017ರ ಫೆಬ್ರುವರಿಯಲ್ಲಿ ವಾಟ್ಸಾಪ್‌ನ ಸ್ಟೇಟಸ್ ಕೂಡ ಇದೇ ರೂಪ ತಾಳಿತು. ಹಳೆಯ ಒಂದು ಸಾಲಿನ ಬರಹ ಈಗ About ಎಂಬ ಹೆಸರಿನಲ್ಲಿ ಉಳಿದಿದೆ.

ನೋಡಲು ಸ್ಟೇಟಸ್ ಮತ್ತು ಸ್ಟೋರಿ ಅವಳಿಗಳಂತಿವೆ. ಆದರೆ ಅವನ್ನು ಯಾರು ನೋಡಬಹುದು ಎಂಬುದು ಎರಡರಲ್ಲಿ ಬೇರೆ ಬೇರೆ ರೀತಿಯಲ್ಲಿ ತೀರ್ಮಾನವಾಗುತ್ತದೆ.

ಸ್ಟೇಟಸ್‌ನ ಆಧಾರ ಫೋನ್ ನಂಬರ್. ಸ್ಟೇಟಸ್ ಹಾಕಿದವರ ಫೋನಿನಲ್ಲಿ ನೋಡುವವರ ನಂಬರ್ ಸೇವ್ ಆಗಿರಬೇಕು, ನೋಡುವವರ ಫೋನಿನಲ್ಲಿ ಹಾಕಿದವರ ನಂಬರೂ ಇರಬೇಕು. ಒಂದೇ ಗ್ರೂಪಿನಲ್ಲಿದ್ದ ಮಾತ್ರಕ್ಕೆ, ನಂಬರ್ ಸೇವ್ ಆಗದವರಿಗೆ ಸಾಮಾನ್ಯವಾಗಿ ಸ್ಟೇಟಸ್ ಕಾಣುವುದಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಈ ಕೊಡುಕೊಳ್ಳುವಿಕೆ ಬೇಕಿಲ್ಲ. ಖಾತೆ ಪಬ್ಲಿಕ್ ಆಗಿದ್ದರೆ ಪರಿಚಯವೇ ಇಲ್ಲದವರೂ ಸ್ಟೋರಿ ನೋಡಬಹುದು. ಪ್ರೈವೇಟ್ ಆಗಿದ್ದರೆ ಒಪ್ಪಿಗೆ ಪಡೆದ ಫಾಲೋವರ್‌ಗಳು ಮಾತ್ರ ನೋಡಬಹುದು.

ಹಾಗಾದರೆ ಸ್ಟೇಟಸ್ ಆಪ್ತರಿಗಷ್ಟೇ ಸೀಮಿತವೇ? ಹುಬ್ಬಳ್ಳಿಯ ಒಂದು ಕುಟುಂಬ ನಾಲ್ಕು ದಿನ ಗೋಕರ್ಣಕ್ಕೆ ಹೋಗಿದೆ, ಮನೆಗೆ ಬೀಗ ಬಿದ್ದಿದೆ ಎಂದುಕೊಳ್ಳೋಣ. ಗೃಹಿಣಿ ಕಡಲತೀರದ ಫೋಟೊವನ್ನು ಸ್ಟೇಟಸ್‌ಗೆ ಹಾಕುತ್ತಾರೆ. ಅವರ ಫೋನಿನಲ್ಲಿ ತವರಿನವರು, ಗೆಳತಿಯರ ಜೊತೆಗೆ ಗ್ಯಾಸ್ ಸಿಲಿಂಡರ್ ತರುವವರು, ಒಮ್ಮೆ ನಲ್ಲಿ ರಿಪೇರಿ ಮಾಡಿದವರು, ಹಳೆಯ ಬಾಡಿಗೆದಾರರ ನಂಬರ್‌ಗಳೂ ಇವೆ. ಅವರಲ್ಲಿ ಯಾರೆಲ್ಲ ಈ ನಂಬರ್ ಉಳಿಸಿಕೊಂಡಿದ್ದಾರೋ ಅವರಿಗೆಲ್ಲ ಮನೆ ಖಾಲಿ ಇರುವುದು ತಿಳಿಯುತ್ತದೆ.

ಇದಕ್ಕೆ ಪರಿಹಾರ ಸೆಟ್ಟಿಂಗ್ಸ್‌ನಲ್ಲಿದೆ. ಅಲ್ಲಿ Privacy, ಬಳಿಕ Status ಒತ್ತಿದರೆ ಮೂರು ಆಯ್ಕೆಗಳು ಸಿಗುತ್ತವೆ. My contacts ಎಂದರೆ ಸೇವ್ ಆದ ಎಲ್ಲರೂ. My contacts except... ಆಯ್ದುಕೊಂಡರೆ ಕೆಲವರನ್ನು ಹೊರಗಿಡಬಹುದು. Only share with... ಆಯ್ದುಕೊಂಡರೆ ಗುರುತು ಹಾಕಿದವರಿಗೆ ಮಾತ್ರ ಕಾಣುತ್ತದೆ. ಕೊನೆಯ ಎರಡು ಮೇಲ್ನೋಟಕ್ಕೆ ಒಂದೇ ಕೆಲಸ ಮಾಡುವಂತೆ ಕಂಡರೂ ಹೊಸ ನಂಬರ್ ಸೇವ್ ಮಾಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಎರಡನೆಯ ಆಯ್ಕೆಯಲ್ಲಿ ಹೊಸಬರು ತಾವಾಗಿಯೇ ನೋಡುವವರ ಸಾಲಿಗೆ ಸೇರುತ್ತಾರೆ. ಮೂರನೆಯದರಲ್ಲಿ ಗುರುತು ಹಾಕುವ ತನಕ ಹೊರಗೇ ಇರುತ್ತಾರೆ. ಪ್ರವಾಸದ, ಮಕ್ಕಳ ಫೋಟೊಗಳಿಗೆ ಮೂರನೆಯದೇ ಸುರಕ್ಷಿತ.

ಇಲ್ಲಿ ಹಲವರು ಎಡವುವುದು ಸಮಯದ ವಿಷಯದಲ್ಲಿ. ಫೋಟೊ ಹಾಕಿದ ಮೇಲೆ ಸೆಟ್ಟಿಂಗ್ ಬದಲಿಸಿದರೆ ಆ ಫೋಟೊಗೆ ಅದು ಅನ್ವಯಿಸುವುದಿಲ್ಲ. ಮುಂದೆ ಹಾಕುವವಕ್ಕೆ ಮಾತ್ರ ಅನ್ವಯಿಸುತ್ತದೆ. ಸ್ಟೇಟಸ್ ಕೂಡ ವಾಟ್ಸಾಪ್ ಮೆಸೇಜಿನಂತೆ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿ, ಹಾಕಿದ ಕ್ಷಣದಲ್ಲಿ ಪಟ್ಟಿಯಲ್ಲಿದ್ದವರಿಗೆ ಹೋಗುತ್ತದೆ. ಆದ್ದರಿಂದ ಆ ಗೃಹಿಣಿ ಮೊದಲು ಗೋಕರ್ಣದ ಫೋಟೊ ಅಳಿಸಿ, ಆಯ್ಕೆ ಬದಲಿಸಿ, ಮತ್ತೆ ಹಾಕಬೇಕು. ಇನ್‌ಸ್ಟಾಗ್ರಾಮ್ ಸ್ಟೋರಿಗೆ ಇಂಥ ಎನ್‌ಕ್ರಿಪ್ಶನ್ ಇಲ್ಲ, ಅದು ಕಂಪನಿಯ ಸರ್ವರ್‌ನಲ್ಲಿರುತ್ತದೆ. ಖಾತೆಯನ್ನು ಪ್ರೈವೇಟ್ ಮಾಡಿದರೆ ಆಗಲೇ ಹಾಕಿದ ಸ್ಟೋರಿಯೂ ಹೊರಗಿನವರಿಗೆ ಕಾಣದಾಗುತ್ತದೆ. ಆಪ್ತರ ಪಟ್ಟಿಗಾಗಿ ಅಲ್ಲಿ Close Friends ಎಂಬ ಸೌಲಭ್ಯವಿದೆ. ನಿರ್ದಿಷ್ಟ ವ್ಯಕ್ತಿಗಳಿಂದ ಸ್ಟೋರಿಯನ್ನು ಮರೆಮಾಡಲೂ ಬಹುದು.

ಯಾರು ನೋಡಿದರು ಎಂಬ ಪಟ್ಟಿಯಲ್ಲೂ ಭೇದವಿದೆ. ವಾಟ್ಸಾಪ್‌ನಲ್ಲಿ ರೀಡ್ ರಿಸಿಪ್ಟ್ ಅನ್ನು, ಅಂದರೆ ನೀಲಿ ಟಿಕ್ ಅನ್ನು, ಆಫ್ ಮಾಡಿಕೊಂಡವರು ಸ್ಟೇಟಸ್ ನೋಡಿದರೂ ಅವರ ಹೆಸರು ಬರುವುದಿಲ್ಲ. ತಮ್ಮ ಸ್ಟೇಟಸ್ ಯಾರು ನೋಡಿದರು ಎಂಬುದೂ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಇಪ್ಪತ್ತು ಹೆಸರಿದ್ದರೆ ನೋಡಿದವರು ಅದಕ್ಕಿಂತ ಹೆಚ್ಚಿರಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ ನೋಡುಗರಿಗೆ ಹೀಗೆ ಹೆಸರು ಮರೆಮಾಡಿಕೊಳ್ಳುವ ಸೆಟ್ಟಿಂಗ್ ಇಲ್ಲ.

ಬಾಳಿಕೆಯ ವಿಷಯದಲ್ಲಿ ಸ್ಟೋರಿ ಮುಂದಿದೆ. 24 ಗಂಟೆ ಕಳೆದ ಮೇಲೂ ಅದನ್ನು ಹೈಲೈಟ್ ಮಾಡಿ ಪ್ರೊಫೈಲ್‌ನಲ್ಲಿ ಬೇಕಾದಷ್ಟು ಕಾಲ ಇಡಬಹುದು. ಅಂಗಡಿಯವರಿಗೆ, ಕಲಾವಿದರಿಗೆ ಹೊಸಬರನ್ನು ತಲುಪಲು ಇದು ಅನುಕೂಲ. ಸ್ಟೇಟಸ್ ತಲುಪುವುದು ಮುಖ್ಯವಾಗಿ ಆಗಲೇ ನಂಬರ್ ಬಲ್ಲವರನ್ನು.

ಎರಡಕ್ಕೂ ಸಮಾನವಾದ ಮಿತಿಯೊಂದಿದೆ. ನೋಡಿದವರು ಸ್ಕ್ರೀನ್‌ಶಾಟ್ ತೆಗೆದುಕೊಂಡರೆ ಹಾಕಿದವರಿಗೆ ಸೂಚನೆ ಬರುವುದಿಲ್ಲ. ಮೂಲವನ್ನು ಅಳಿಸಿದರೂ, 24 ಗಂಟೆ ಕಳೆದರೂ ಆ ಪ್ರತಿ ಅವರ ಫೋನಿನಲ್ಲಿ ಉಳಿಯುತ್ತದೆ. ಯಾರಿಗೆ ಕಾಣಬೇಕು ಎಂಬ ತೀರ್ಮಾನವನ್ನು ಹಾಕುವ ಮೊದಲೇ ಮಾಡಬೇಕಾದ್ದು ಇದೇ ಕಾರಣಕ್ಕೆ.