ಹತ್ತು ಅಚ್ಚು ಬೆಲ್ಲ, ಎರಡು ಕೌಂಟರ್

ಗೌರಿ ಹಬ್ಬದ ಹಿಂದಿನ ಸಂಜೆ. ದಿನಸಿ ಅಂಗಡಿಯ ಕೌಂಟರುಗಳಲ್ಲೆಲ್ಲ ಸಾಲು. ಕಂಪ್ಯೂಟರಿನ ಲೆಕ್ಕದಲ್ಲಿ ಉಳಿದಿರುವುದು 10 ಅಚ್ಚು ಬೆಲ್ಲ. ಒಂದನೇ ಕೌಂಟರು 3 ಅಚ್ಚಿಗೆ ಬಿಲ್ ಹಾಕುವ ಗಳಿಗೆಯಲ್ಲೇ ಎರಡನೆಯದು 4ಕ್ಕೆ ಹಾಕುತ್ತದೆ. ಇಬ್ಬರ ತಂತ್ರಾಂಶವೂ ದಾಸ್ತಾನು ನೋಡಿದಾಗ ಕಂಡದ್ದು 10. ಮೊದಲನೆಯದು 7 ಎಂದು ಬರೆಯಿತು, ಎರಡನೆಯದು ಅದನ್ನು ಅಳಿಸಿ 6 ಎಂದಿತು. ಕಪಾಟಿನಲ್ಲಿ ಇರುವುದು ಮೂರೇ. ರಾತ್ರಿ ಎಣಿಸಿದಾಗ ಅನುಮಾನ ಬೀಳುವುದು, ಪಾಪ, ಗೋದಾಮಿನ ಹುಡುಗನ ಮೇಲೆ.

‘ಎಲ್ಲವನ್ನೂ ಟ್ರಾನ್ಸಾಕ್ಷನ್ ಒಳಗೆ ಹಾಕಿದ್ದೇವಲ್ಲ’ ಎನ್ನುತ್ತಾರೆ ತಂತ್ರಾಂಶ ಬರೆದವರು. ಒಂದು ಬಿಲ್ಲಿನ ಸಾಮಾನೆಲ್ಲ ಕಳೆಯಬೇಕು, ಇಲ್ಲವೇ ಒಂದೂ ಕಳೆಯಬಾರದು: ಟ್ರಾನ್ಸಾಕ್ಷನ್ ಕೊಡುವ ಖಾತ್ರಿ ಇದು. ಒಬ್ಬರ ಅರ್ಧ ಕೆಲಸ ಇನ್ನೊಬ್ಬರಿಗೆ ಎಷ್ಟು ಕಾಣಬೇಕು ಎಂಬುದು ಬೇರೆ ಮಾತು. ಅದೇ ಐಸೊಲೇಶನ್ ಮಟ್ಟ. ಮೈಎಸ್‌ಕ್ಯೂಎಲ್‌ನಲ್ಲಿ ನಾವು ಏನೂ ಹೇಳದಿದ್ದರೆ ಇರುವ ಮಟ್ಟ `REPEATABLE READ`. ಅಲ್ಲಿ ಸಾದಾ `SELECT` ಮೊದಲು ಕಂಡ ಚಿತ್ರವನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಹಾಗಾಗಿ ಬೆಲ್ಲದ ತಪ್ಪು ಅಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಎಲ್ಲಕ್ಕಿಂತ ಮೇಲಿನ `SERIALIZABLE`? ಅಲ್ಲಿ ಓದುವವರೂ ಬೀಗ ಹಿಡಿಯುತ್ತಾರೆ. ಇಬ್ಬರೂ ಓದುವ ಬೀಗ ಹಿಡಿದು, ಬರೆಯಲು ‘ನೀನು ಬಿಡು’ ಎಂದು ಒಬ್ಬರನ್ನೊಬ್ಬರು ಕಾಯುತ್ತಾರೆ. ತಪ್ಪು ಲೆಕ್ಕ ಹೋಯಿತು, ಡೆಡ್‌ಲಾಕ್ ಬಂತು. ಮಟ್ಟ ಏರಿಸುವುದಕ್ಕಿಂತ ಓದುವುದನ್ನೂ ಕಳೆಯುವುದನ್ನೂ ಒಂದೇ ಆಜ್ಞೆಯಾಗಿಸುವುದು ನನ್ನ ಮಟ್ಟಿಗೆ ಸರಿಯಾದ ದಾರಿ:

```sql
UPDATE stock SET qty = qty - 4
WHERE item_id = 12 AND qty >= 4;
```

ಎರಡನೆಯವರು ಈಗ ಮೊದಲನೆಯವರ ಕೆಲಸ ಮುಗಿಯುವವರೆಗೆ ಕಾದು, 7ರಿಂದ 4 ಕಳೆಯುತ್ತಾರೆ. ಬದಲಾದ ಸಾಲುಗಳ ಸಂಖ್ಯೆ 0 ಎಂದು ಬಂದರೆ ಮಾಲು ಸಾಲದು ಎಂದರ್ಥ.

ಇಷ್ಟಾದರೂ ಡೆಡ್‌ಲಾಕ್ ಪೂರ್ತಿ ಹೋಗದು. ಒಂದು ಬಿಲ್ಲಿನಲ್ಲಿ ಮೊದಲು ಬೆಲ್ಲ, ಆಮೇಲೆ ತೊಗರಿಬೇಳೆ. ಇನ್ನೊಂದರಲ್ಲಿ ಬೇಳೆ ಮೊದಲು. ಇವರು ಬೆಲ್ಲದ ಸಾಲು ಹಿಡಿದು ಬೇಳೆಗೆ ಕಾಯುತ್ತಾರೆ, ಅವರು ಬೇಳೆ ಹಿಡಿದು ಬೆಲ್ಲಕ್ಕೆ. ಡೇಟಾಬೇಸ್ ಇದನ್ನು ತಾನೇ ಗುರುತಿಸಿ ಒಂದು ಬಿಲ್ಲನ್ನು ರದ್ದು ಮಾಡುತ್ತದೆ. ಪರದೆಯ ಮೇಲೆ ದೋಷ ಸಂಖ್ಯೆ `1213` ಬರುತ್ತದೆ. ಕ್ಯಾಷಿಯರ್ ಮಾಡಿದ ತಪ್ಪೇನೂ ಇಲ್ಲ. ಗಿರಾಕಿ ಯಾವ ಕ್ರಮದಲ್ಲೇ ಸಾಮಾನು ಇಡಲಿ, ತಂತ್ರಾಂಶವು `item_id` ಏರಿಕೆಯ ಕ್ರಮದಲ್ಲೇ ಕಳೆದರೆ ಈ ಗಂಟು ಬೀಳುವುದಿಲ್ಲ. ಅಪ್ಪಿತಪ್ಪಿ `1213` ಬಂದರೆ ಕೊನೆಯ ಸಾಮಾನನ್ನಷ್ಟೇ ಅಲ್ಲ, ಇಡೀ ಬಿಲ್ಲನ್ನು ಮೊದಲಿನಿಂದ ಕಳೆಯಬೇಕು.

ಅಂಗಡಿಯವರು ತಂತ್ರಾಂಶ ಕೊಟ್ಟವರನ್ನು ಒಂದು ಮಾತು ಕೇಳಿ: ಗಿರಾಕಿ ಚಿಲ್ಲರೆ ಹುಡುಕುವಾಗಲೂ ಬೀಗ ಹಿಡಿದೇ ಇರುತ್ತೀರಾ? ಹೌದು ಎಂದರೆ ಉಳಿದ ಕೌಂಟರುಗಳು ಆ ಬೆಲ್ಲಕ್ಕಾಗಿ 50 ಸೆಕೆಂಡಿನವರೆಗೂ ಕಾಯುತ್ತವೆ.