ಕೋಡ್ ಯಾರದು, ಹಣ ಯಾವಾಗ? ಸ್ವತಂತ್ರ ಡೆವಲಪರ್ ಸಹಿಗೆ ಮುನ್ನ ಓದಬೇಕಾದ ಎರಡು ಷರತ್ತುಗಳು

ತೋರಣಗಲ್ಲು: ಉಕ್ಕಿನ ಕಾರ್ಖಾನೆಯ ಸುತ್ತ ಬೆಳೆದಿರುವ ಈ ಊರಿನಲ್ಲಿ ಲಾರಿಗಳಷ್ಟೇ ಅವುಗಳ ಲೆಕ್ಕಪತ್ರವೂ ದೊಡ್ಡದು. ಟ್ರಿಪ್ ಶೀಟ್, ವೇಬ್ರಿಡ್ಜ್ ಚೀಟಿ, ಡೀಸೆಲ್ ಖರ್ಚು, ಚಾಲಕನ ಬಾಟಾ ಇವೆಲ್ಲವನ್ನೂ ಒಂದೆಡೆ ತರುವ ತಂತ್ರಾಂಶ ಬೇಕೆಂದು ಹೊಸಪೇಟೆಯ ಸಾಗಣೆ ಸಂಸ್ಥೆಯೊಂದು ತೋರಣಗಲ್ಲಿನ ಯುವ ಡೆವಲಪರ್ ಒಬ್ಬನಿಗೆ ಕೆಲಸ ಒಪ್ಪಿಸಿದೆ ಎಂದು ಊಹಿಸಿಕೊಳ್ಳೋಣ. ಒಟ್ಟು ಮೊತ್ತ 2,40,000 ರೂಪಾಯಿ. ಮುಂಗಡ 48,000, ಟ್ರಿಪ್ ನಮೂದು ಭಾಗ ಮುಗಿದಾಗ 72,000, ವೇಬ್ರಿಡ್ಜ್ ಮತ್ತು ಡೀಸೆಲ್ ಭಾಗ ಮುಗಿದಾಗ 72,000, ವರದಿ ಹಾಗೂ ತರಬೇತಿ ಮುಗಿದಾಗ ಉಳಿದ 48,000.

ಸಂಸ್ಥೆ ಕಳುಹಿಸಿದ ಕರಡಿನಲ್ಲಿ ಎರಡು ವಾಕ್ಯಗಳಿವೆ. ಒಂದು: ಡೆವಲಪರ್ ಸಿದ್ಧಪಡಿಸುವ ಎಲ್ಲ ಕೃತಿಗಳ ಸಮಸ್ತ ಹಕ್ಕುಗಳೂ ಅವು ರಚನೆಯಾದ ಕ್ಷಣದಿಂದಲೇ ಗ್ರಾಹಕರಿಗೆ ಸೇರತಕ್ಕದ್ದು. ಇನ್ನೊಂದು: ಗ್ರಾಹಕರಿಗೆ ಕೆಲಸ ತೃಪ್ತಿಕರವೆನಿಸಿದ 30 ದಿನಗಳೊಳಗೆ ಆಯಾ ಹಂತದ ಹಣ ಪಾವತಿಸತಕ್ಕದ್ದು. ಬಿಡಿಬಿಡಿಯಾಗಿ ಓದಿದರೆ ಎರಡರಲ್ಲೂ ದೋಷ ಕಾಣದು. ಒಟ್ಟಿಗೆ ಓದಿದಾಗ ಮಾತ್ರ ಹಕ್ಕು ಇಂದೇ ಹೋಗುತ್ತದೆ, ಹಣ ಎಂದು ಬರುತ್ತದೆಂಬುದು ಗ್ರಾಹಕರ ಮನಸ್ಸಿಗೆ ಬಿಟ್ಟದ್ದು ಎಂಬ ಸಂಗತಿ ಹೊರಬೀಳುತ್ತದೆ.

ಮೊದಲ ಒಡೆಯ ಯಾರು?

1957ರ ಕೃತಿಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ಅದರ 17ನೇ ಕಲಮಿನ ಪ್ರಕಾರ ಬರೆದವನೇ ಮೊದಲ ಒಡೆಯ. ನೌಕರಿಯ ಕರಾರಿನಡಿ ನೌಕರನು ಕೆಲಸದ ಭಾಗವಾಗಿ ಬರೆದದ್ದು ಮಾತ್ರ ಮಾಲೀಕನದು. ಸ್ವತಂತ್ರ ಡೆವಲಪರ್ ನೌಕರನಲ್ಲ. ಆದ್ದರಿಂದ ಗ್ರಾಹಕ ಪೂರ್ತಿ ಹಣ ಕೊಟ್ಟಿದ್ದರೂ ಬರಹದಲ್ಲಿ ವರ್ಗಾವಣೆಯಾಗದೆ ಕೃತಿಸ್ವಾಮ್ಯ ಅವನಿಗೆ ದಾಟುವುದಿಲ್ಲ. 19ನೇ ಕಲಮು ಇದಕ್ಕೆ ಬರೆದವನ ಅಥವಾ ಅವನ ಅಧಿಕೃತ ಪ್ರತಿನಿಧಿಯ ಸಹಿಯನ್ನೂ ಬೇಡುತ್ತದೆ. ಫೋನಿನಲ್ಲಿ ಆಡಿದ ಮಾತು ಸಾಲದು.

ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆದಿರದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಪ್ರದೇಶ ಬರೆದಿರದಿದ್ದರೆ ಭಾರತಕ್ಕೆ ಮಾತ್ರ. ಇದು ಕಾಗದದ ಮೇಲಷ್ಟೇ ಉಳಿದ ನಿಯಮವಲ್ಲ. ಇಂಡಿಯನ್ ಆಯಿಲ್ ಸಂಸ್ಥೆಯು ವಾಹನ ಮಾಲೀಕರಿಗಾಗಿ ನಡೆಸುತ್ತಿದ್ದ ಇಂಧನ ಕಾರ್ಡ್ ಯೋಜನೆಗೆ ಜೆಮಾಲ್ಟೊ ಕಂಪನಿಯ ಪರವಾಗಿ ಪೈನ್ ಲ್ಯಾಬ್ಸ್ ತಂತ್ರಾಂಶ ಬರೆದಿತ್ತು. ಕರಾರಿನಲ್ಲಿ ಹಕ್ಕು ಜೆಮಾಲ್ಟೊಗೆ ಸೇರುವುದೆಂದಿದ್ದರೂ ಅವಧಿಯ ಉಲ್ಲೇಖವಿರಲಿಲ್ಲ. ಮಧ್ಯಂತರ ಆದೇಶದ ಮೇಲಿನ ಮೇಲ್ಮನವಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠವು 2011ರಲ್ಲಿ ಈ ನಿಯಮವನ್ನೇ ಅನ್ವಯಿಸಿ, 5 ವರ್ಷ ಕಳೆದ ಮೇಲೆ ಹಕ್ಕು ಪೈನ್ ಲ್ಯಾಬ್ಸ್‌ಗೆ ಮರಳುತ್ತದೆಂಬ ನಿಲುವು ತಾಳಿತು.

ಅಂದಿನಿಂದ ಎಚ್ಚೆತ್ತ ವಕೀಲರು 'ಶಾಶ್ವತವಾಗಿ, ವಿಶ್ವದಾದ್ಯಂತ' ಎಂಬ ಪದಗಳನ್ನು ಸೇರಿಸದೆ ಬಿಡುವುದಿಲ್ಲ. ಡೆವಲಪರ್ ಅದಕ್ಕಾಗಿ ಜಗಳವಾಡಬೇಕಿಲ್ಲ. ಲಾರಿ ಲೆಕ್ಕದ ತಂತ್ರಾಂಶದ ಹಕ್ಕು ಐದು ವರ್ಷಕ್ಕೆ ಮರಳಿ ಬಂದರೆ ಅವನಿಗಾಗುವ ಲಾಭ ಅಷ್ಟಕ್ಕಷ್ಟೇ. ಅವನು ಪಟ್ಟು ಹಿಡಿಯಬೇಕಾದದ್ದು 'ರಚನೆಯಾದ ಕ್ಷಣದಿಂದ' ಎಂಬ ಮಾತಿನ ಮೇಲೆ. ಇನ್ನೂ ಬರೆಯದ ಕೋಡನ್ನು ಮುಂಚಿತವಾಗಿ ವರ್ಗಾಯಿಸಲು ಕಾನೂನು ಅವಕಾಶ ಕೊಡುತ್ತದೆ. ಕೋಡ್ ಹುಟ್ಟಿದೊಡನೆ ಆ ವರ್ಗಾವಣೆ ಜಾರಿಗೆ ಬರುತ್ತದೆ. ಆಮೇಲೆ ಹಣ ಬರದಿದ್ದರೆ ಡೆವಲಪರ್ ಬರೀ ಸಾಲಗಾರನ ಬೆನ್ನುಹತ್ತಿದವನಾಗುತ್ತಾನೆ. ಬಾಕಿಗಾಗಿ ದಾವೆ ಹೂಡಬಹುದು, ಆದರೆ 'ನನ್ನ ಕೋಡ್ ಬಳಸಬೇಡಿ' ಎನ್ನುವ ಅಧಿಕಾರ ಅವನಲ್ಲಿ ಉಳಿದಿರುವುದಿಲ್ಲ.

ತಿದ್ದುಪಡಿ ಒಂದೇ ವಾಕ್ಯದ್ದು: ಪ್ರತಿ ಹಂತದ ಕೃತಿಯ ಹಕ್ಕು ಆ ಹಂತದ ಹಣ ಪೂರ್ತಿ ಸಂದಾಯವಾದಾಗ ವರ್ಗಾವಣೆಯಾಗತಕ್ಕದ್ದು, ಅಲ್ಲಿಯವರೆಗೆ ಪರೀಕ್ಷೆಗಾಗಿ ಬಳಸಲು ಗ್ರಾಹಕರಿಗೆ ಪರವಾನಗಿ ಮಾತ್ರ ಇರತಕ್ಕದ್ದು.

'ಎಲ್ಲ ಕೃತಿಗಳು' ಎಂಬುದರಲ್ಲೂ ಒಂದು ಅಪಾಯವಿದೆ. ವೇಬ್ರಿಡ್ಜ್ ಯಂತ್ರದಿಂದ ತೂಕವನ್ನು ನೇರವಾಗಿ ಓದಿಕೊಳ್ಳುವ ಒಂದು ಮಾಡ್ಯೂಲನ್ನು ಈ ಡೆವಲಪರ್ ಹಿಂದೆಯೇ ಬರೆದಿಟ್ಟುಕೊಂಡಿದ್ದಾನೆ. ಈ ಕೆಲಸಕ್ಕಾಗಿ ಅದನ್ನು ತಿದ್ದಿ ಜೋಡಿಸುತ್ತಾನೆ. ಬೇರ್ಪಡಿಸಿ ಬರೆಯದಿದ್ದರೆ, ಆ ತಿದ್ದಿದ ಮಾಡ್ಯೂಲ್ ಸಹ ಗ್ರಾಹಕರದೇ ಎಂಬ ವಾದಕ್ಕೆ ಎಡೆಯಾಗುತ್ತದೆ. ನಾಳೆ ಕಂಪ್ಲಿಯ ಅಕ್ಕಿ ಗಿರಣಿಯವರು ಅದೇ ಬಗೆಯ ಕೆಲಸ ಕೇಳಿದರೆ ಅವನು ತನ್ನದೇ ಕೋಡನ್ನು ಮುಟ್ಟಲು ಅಂಜಬೇಕಾಗುತ್ತದೆ. ಕರಾರಿನ ಕೊನೆಗೊಂದು ಅನುಬಂಧ ಸೇರಿಸಿ, ಅಂಥ ಮಾಡ್ಯೂಲುಗಳನ್ನು ಹೆಸರಿಸಿ, ಅವು ಮತ್ತು ಅವುಗಳ ಸುಧಾರಣೆಗಳು ಡೆವಲಪರನವೇ, ಗ್ರಾಹಕರಿಗೆ ಈ ತಂತ್ರಾಂಶದೊಳಗೆ ಶಾಶ್ವತ ಬಳಕೆಯ ಪರವಾನಗಿ ಇರುತ್ತದೆ ಎಂದು ಬರೆದರೆ ಇಬ್ಬರಿಗೂ ನಷ್ಟವಿಲ್ಲ. ಮುಕ್ತ ತಂತ್ರಾಂಶದ ಲೈಬ್ರರಿಗಳನ್ನೂ ಅಲ್ಲಿಯೇ ಪಟ್ಟಿ ಮಾಡಬೇಕು. ತನ್ನದಲ್ಲದ್ದನ್ನು ಅವನು ವರ್ಗಾಯಿಸಲಾರ.

'ತೃಪ್ತಿ'ಗೆ ಅಳತೆ

ಎರಡನೆಯ ಷರತ್ತಿನ ಕಷ್ಟ 'ತೃಪ್ತಿಕರ' ಎಂಬ ಪದದಲ್ಲಿದೆ. ವೇಬ್ರಿಡ್ಜ್ ಭಾಗವನ್ನು ಡೆವಲಪರ್ ಒಪ್ಪಿಸುತ್ತಾನೆ. ಎರಡು ವಾರ ಸುದ್ದಿಯಿಲ್ಲ. ಬಳಿಕ ಸಂಸ್ಥೆಯವರು ಕರೆ ಮಾಡಿ, 'ಚೆನ್ನಾಗಿದೆ, ಆದರೆ ಟೈರ್ ಲೆಕ್ಕವೂ ಇರಲಿ, ಎಲ್ಲ ಸೇರಿಸಿ ಕೊಟ್ಟರೆ ಬಿಲ್ ಪಾಸ್ ಮಾಡುತ್ತೇವೆ' ಎನ್ನುತ್ತಾರೆ. ಇತ್ತ ಕಚೇರಿಯ ಗುಮಾಸ್ತರು ಆಗಲೇ ಅದೇ ತಂತ್ರಾಂಶದಲ್ಲಿ ದಿನದ ಟ್ರಿಪ್‌ಗಳನ್ನು ನಮೂದಿಸುತ್ತಿರುತ್ತಾರೆ. ಕೊನೆಯ ಎರಡು ಹಂತಗಳ 1,20,000 ರೂಪಾಯಿ, ಅಂದರೆ ಒಟ್ಟು ಮೊತ್ತದ ಅರ್ಧ, ಅಲ್ಲೇ ಸಿಲುಕಿಕೊಳ್ಳುತ್ತದೆ.

ಇದಕ್ಕೆ ಪ್ರತಿ ಹಂತಕ್ಕೂ ಮೊದಲೇ ಗೊತ್ತುಪಡಿಸಿದ ಪರೀಕ್ಷೆ ಬೇಕು. ಹಳೆಯ 50 ವೇಬ್ರಿಡ್ಜ್ ಚೀಟಿಗಳನ್ನು ಗ್ರಾಹಕರೇ ಆರಿಸಿ ಕೊಡುವುದು, ತಂತ್ರಾಂಶ ತೋರಿಸುವ ನಿವ್ವಳ ತೂಕ ಐವತ್ತರಲ್ಲೂ ಚೀಟಿಗೆ ತಾಳೆಯಾದರೆ ಆ ಹಂತ ಅಂಗೀಕೃತ. ಪರೀಕ್ಷೆಗೆ 10 ದಿನ. ಆಕ್ಷೇಪವಿದ್ದರೆ ಯಾವ ಚೀಟಿಯಲ್ಲಿ ಏನು ತಪ್ಪಿದೆಯೆಂದು ಬರಹದಲ್ಲಿ ತಿಳಿಸಬೇಕು. ಡೆವಲಪರ್ 7 ದಿನಗಳಲ್ಲಿ ಸರಿಪಡಿಸಬೇಕು. ಹತ್ತು ದಿನದಲ್ಲಿ ಆಕ್ಷೇಪ ಬರದಿದ್ದರೆ ಅಥವಾ ದಿನನಿತ್ಯದ ಕೆಲಸಕ್ಕೆ ಬಳಕೆ ಆರಂಭವಾದರೆ ಅಂಗೀಕಾರವಾಯಿತೆಂದೇ ಭಾವಿಸತಕ್ಕದ್ದು. ಈ ಅಳತೆಗೋಲಿನಲ್ಲಿ ತೂಕ ತಪ್ಪಿದರೆ ಅದು ದೋಷ, ಉಚಿತವಾಗಿ ಸರಿಪಡಿಸಬೇಕಾದದ್ದು. ಟೈರ್ ಲೆಕ್ಕ ಹೊಸ ಬೇಡಿಕೆ, ಬೇರೆ ದರದ್ದು.

ಗಡುವು ಎಣಿಸಲು ಒಪ್ಪಿಸಿದ ದಿನ ಸಾಬೀತಾಗಬೇಕು. ಗಿಟ್‌ನಲ್ಲಿ ಆ ಹಂತದ ಕೋಡಿಗೆ ಟ್ಯಾಗ್ ಹಾಕಿ, ಅದರ ಗುರುತನ್ನು ಇಮೇಲ್‌ನಲ್ಲಿ ನಮೂದಿಸಿ ಕಳುಹಿಸಿದರೆ ಸಾಕು.

ಕಾನೂನಿನ ನೆರವು

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಲ್ಲೂ ಇದೇ ಬಗೆಯ ಏರ್ಪಾಡಿದೆ. ಒಬ್ಬಂಟಿ ಡೆವಲಪರ್ ಕೂಡ ಉದ್ಯಮ್ ನೋಂದಣಿ ಪಡೆದು ಸೂಕ್ಷ್ಮ ಉದ್ಯಮವಾಗಬಹುದು. ಸೇವೆ ಒಪ್ಪಿಸಿದ 15 ದಿನಗಳೊಳಗೆ ಖರೀದಿದಾರ ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ ಒಪ್ಪಿಸಿದ ದಿನವೇ ಅಂಗೀಕಾರದ ದಿನ. ಕರಾರಿನಲ್ಲಿ ಎಷ್ಟೇ ದೀರ್ಘ ಗಡುವಿದ್ದರೂ ಅಂಗೀಕಾರದಿಂದ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಎಂದುಕೊಂಡರೆ ವಾರ್ಷಿಕ ಶೇ 18. ದೂರನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಸಲ್ಲಿಸಬಹುದು.

ಆದರೆ ನೋಂದಣಿ ಯಾವಾಗ ಆಯಿತೆಂಬುದು ಮುಖ್ಯ. ಕರಾರಿನ ನಂತರ ನೋಂದಣಿ ಮಾಡಿಸಿ ಹಿಂದಿನ ಬಾಕಿಗೆ ಈ ಕಾಯ್ದೆಯ ಲಾಭ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2021 ಮತ್ತು 2022ರ ತೀರ್ಪುಗಳಲ್ಲಿ ಹೇಳಿದೆ. ಹೀಗಾಗಿ ಹೊಸಪೇಟೆಯ ಕರಡಿಗೆ ಉತ್ತರ ಬರೆಯುವ ಮೊದಲೇ ನೋಂದಣಿ ಸಂಖ್ಯೆ ಕೈಯಲ್ಲಿರಬೇಕು, ಅದು ಕರಾರಿನ ಮೊದಲ ಪುಟದಲ್ಲೂ ಬಿಲ್‌ಗಳಲ್ಲೂ ಕಾಣಬೇಕು.