‘ತಮ್ಮ’ ಎಂಬ ಒಂದೇ ಪದ ಇಟ್ಟುಕೊಂಡು ಟೋಸ್ಟ್

ಮದುವೆ ಔತಣದಲ್ಲಿ ಒಬ್ಬರು ಎದ್ದು ನಿಂತು, ಮದುಮಕ್ಕಳ ಬಗ್ಗೆ ಎರಡು ಮಾತಾಡಿ, ಕೊನೆಗೆ ಎಲ್ಲರ ಕೈಯಲ್ಲೂ ಲೋಟ ಎತ್ತಿಸಿ ಕುಡಿಸುವುದಕ್ಕೆ ಇಂಗ್ಲಿಷಿನಲ್ಲಿ ಟೋಸ್ಟ್ ಎನ್ನುತ್ತಾರೆ. ಬೆಳಗಿನ ತಿಂಡಿಯ ಟೋಸ್ಟಿಗೂ ಇದಕ್ಕೂ ನಿಜವಾಗಿಯೇ ನಂಟಿದೆ. ಹಿಂದೆ ಇಂಗ್ಲೆಂಡಿನಲ್ಲಿ ಮಸಾಲೆ ಸವರಿ ಸುಟ್ಟ ಬ್ರೆಡ್ಡಿನ ತುಂಡನ್ನು ವೈನಿನಲ್ಲಿ ಅದ್ದಿ ರುಚಿ ಕಟ್ಟುತ್ತಿದ್ದರು. ಯಾರ ಹೆಸರಿನಲ್ಲಿ ಕುಡಿಯುತ್ತಾರೋ ಅವರ ಹೆಸರೇ ಪಾನೀಯಕ್ಕೆ ರುಚಿ ಕೊಡುತ್ತದೆ ಎಂಬ ಚಮತ್ಕಾರದಿಂದ ಆ ಪದ ಮನುಷ್ಯರಿಗೂ ಅಂಟಿಕೊಂಡಿತು ಎನ್ನುತ್ತಾರೆ. 1709ರಲ್ಲಿ ರಿಚರ್ಡ್ ಸ್ಟೀಲ್ ತನ್ನ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಇದಕ್ಕೊಂದು ಕಥೆಯನ್ನೇ ಹೇಳಿದ್ದಾನೆ. ಕಥೆ ಎಷ್ಟು ನಿಜವೋ, ಪದ ಮಾತ್ರ ಉಳಿಯಿತು.

ಇಂಗ್ಲೆಂಡಿನ ಸಾಂಪ್ರದಾಯಿಕ ಮದುವೆಯಲ್ಲಿ ಮೊದಲು ವಧುವಿನ ತಂದೆ, ಆಮೇಲೆ ವರ, ಕೊನೆಗೆ ವರನ ಪಕ್ಕ ನಿಲ್ಲುವ ‘ಬೆಸ್ಟ್ ಮ್ಯಾನ್’ ಮಾತಾಡುತ್ತಾರೆ. ಈ ಮೂರನೆಯ ಜಾಗಕ್ಕೆ ಎಷ್ಟೋ ಸಲ ವರನ ಅಣ್ಣನೇ ಬರುತ್ತಾನೆ. 2018ರಲ್ಲಿ ವಿಂಡ್ಸರಿನಲ್ಲಿ ರಾಜಕುಮಾರ ಹ್ಯಾರಿಯ ಮದುವೆ ನಡೆದಾಗ ಪಕ್ಕದಲ್ಲಿ ನಿಂತದ್ದು ಅವನ ಅಣ್ಣ ವಿಲಿಯಂ. ಅಮೆರಿಕದಲ್ಲಿ ಅಣ್ಣ, ಅಕ್ಕ ಯಾರು ಬೇಕಾದರೂ ಎದ್ದು ನಿಲ್ಲಬಹುದು. ಅಲ್ಲಿ ನೆಲೆಸಿದ ಕನ್ನಡ ಮನೆಗಳ ಆರತಕ್ಷತೆಗೂ ಈ ಪದ್ಧತಿ ಬಂದಿದೆ: ಬೆಳಿಗ್ಗೆ ಧಾರೆ, ಅಕ್ಷತೆ, ಸಂಜೆ ಮೈಕ್ ಹಿಡಿದು ಟೋಸ್ಟ್. ಕರ್ನಾಟಕದೊಳಗೇ ನೋಡಿದರೆ ಮಂಗಳೂರಿನ ಕ್ರೈಸ್ತ ಕುಟುಂಬಗಳ ಮದುವೆ ಔತಣದಲ್ಲಿ ಟೋಸ್ಟ್ ಹೊಸದೇನಲ್ಲ.

ಇಂಥ ಮಾತನ್ನು ಸ್ವಂತವಾಗಿ ಬರೆಯಲು ಅಂಜುವವರು ಬರೆಯಬಲ್ಲ ಇನ್ನೊಬ್ಬರ ಮೊರೆಹೋಗುತ್ತಾರೆ. ಹೋದಾಗ ಹೇಳುವುದು ಹೆಚ್ಚಾಗಿ ಒಂದೇ ವಾಕ್ಯ: ‘ತಮ್ಮನ ಮದುವೆ, ಒಂದು ಟೋಸ್ಟ್ ಬರೆದುಕೊಡಿ.’ ತಮ್ಮನ ಹೆಸರಿಲ್ಲ, ವಯಸ್ಸಿಲ್ಲ, ಕೆಲಸ ಏನೆಂದಿಲ್ಲ, ಕೈಹಿಡಿಯುವವರು ಯಾರೆಂದಿಲ್ಲ. ಕೇಳುತ್ತಿರುವುದು ಅಣ್ಣನೋ ಅಕ್ಕನೋ ಎಂಬುದೂ ಆ ವಾಕ್ಯದಿಂದ ತಿಳಿಯುವುದಿಲ್ಲ. ಬರೆಯುವವರ ಕೈಯಲ್ಲಿರುವುದು ನಂಟಿನ ಹೆಸರು ಮಾತ್ರ. ಹಾಗಾದರೆ ಆ ಹೆಸರೊಂದೇ ಎಷ್ಟನ್ನು ಖಾತ್ರಿ ಮಾಡುತ್ತದೆ ಎಂದು ಮೊದಲು ನೋಡಬೇಕು.

ಇಂಗ್ಲಿಷಿನ ‘ಬ್ರದರ್’ಗಿಂತ ಕನ್ನಡದ ‘ತಮ್ಮ’ ಒಂದು ಹೆಜ್ಜೆ ಮುಂದಿದೆ. ಯಾರು ಮೊದಲು ಹುಟ್ಟಿದರು ಎಂಬುದು ಪದದೊಳಗೇ ಇದೆ. ಆದರೆ ಇನ್ನೊಂದು ಕಡೆಯಿಂದ ನೋಡಿದರೆ ಅದು ಸಡಿಲವಾದ ಪದ. ಒಡಹುಟ್ಟಿದವನೂ ತಮ್ಮನೇ, ಚಿಕ್ಕಪ್ಪನ ಮಗನೂ ತಮ್ಮನೇ, ಚಿಕ್ಕಮ್ಮನ ಮಗನೂ ತಮ್ಮನೇ. (ಸೋದರಮಾವನ ಮಗ ಮಾತ್ರ ಹಳೆಯ ಲೆಕ್ಕದಲ್ಲಿ ತಮ್ಮನಾಗುವುದಿಲ್ಲ, ಅದು ಬೇರೆ ಸಾಲು.) ಆದ್ದರಿಂದ ‘ಒಂದೇ ತೊಟ್ಟಿಲಲ್ಲಿ ಮಲಗಿದವರು’, ‘ನಮ್ಮಮ್ಮನ ಕೊನೆಯ ಮಗ’ ಎಂದೆಲ್ಲ ಬರೆದರೆ ಅಪಾಯ. ಕೇಳಲು ಸೊಗಸಾದ ಆ ಮಾತು ಆ ಮನೆಯಲ್ಲಿ ಸುಳ್ಳಾಗಿರಬಹುದು.

ಇನ್ನೊಂದು ಸೂಕ್ಷ್ಮವೂ ಇದೆ. ‘ಅವನು ಹುಟ್ಟಿದ ದಿನ ನನಗೆ ಇನ್ನೂ ನೆನಪಿದೆ’ ಎಂಬ ಸಾಲು ಇಂಥ ಭಾಷಣಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಮೂರು ವರ್ಷಕ್ಕಿಂತ ಹಿಂದಿನದು ಹೆಚ್ಚಿನವರಿಗೆ ನೆನಪಿರುವುದಿಲ್ಲ. ಅಕ್ಕ–ತಮ್ಮನ ನಡುವೆ ಒಂದೂವರೆ ವರ್ಷದ ಅಂತರವಿದ್ದರೆ ಆ ಸಾಲು ಕೇಳಿ ಮುಂದಿನ ಸಾಲಿನಲ್ಲಿ ಕೂತ ಅತ್ತೆಯೇ ನಗುತ್ತಾರೆ. ಅವಳಿಗಳಾದರೆ ಹೇಳುವುದೇ ಬೇಡ, ಅಲ್ಲಿ ಹಿರಿತನವೆಂದರೆ ಕೆಲವೇ ನಿಮಿಷ.

ತಂದೆತಾಯಿ ಇದ್ದಾರೋ ಇಲ್ಲವೋ, ಇಬ್ಬರೂ ಒಂದೇ ಮನೆಯಲ್ಲಿ ಬೆಳೆದರೋ ಇಲ್ಲವೋ, ತಮ್ಮನಿಗೆ ಇದು ಮೊದಲ ಮದುವೆಯೋ ಅಲ್ಲವೋ, ಇವೆಲ್ಲವೂ ಹೀಗೇ ತಿಳಿಯದ ಸಂಗತಿಗಳು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಆದರೆ ಅವನು ಕೈಹಿಡಿದದ್ದು ಇನ್ನೊಬ್ಬ ಗಂಡನ್ನೂ ಆಗಿರಬಹುದು. ಇಷ್ಟೆಲ್ಲ ಕಳೆದ ಮೇಲೂ ಖಚಿತವಾಗಿ ಉಳಿಯುವ ಸಂಗತಿ ಒಂದಿದೆ: ಮಾತಾಡುವವರು ಹಿರಿಯರು, ಮತ್ತು ಆ ಹಿರಿತನ ಬಂದದ್ದು ಇನ್ನೊಬ್ಬ ಹಿಂದೆ ಬಂದದ್ದರಿಂದ. ಹುಟ್ಟುವಾಗಲೇ ಯಾರೂ ಅಣ್ಣನಲ್ಲ, ಅಕ್ಕನಲ್ಲ. ಟೋಸ್ಟನ್ನು ಈ ಒಂದು ಎಳೆಯ ಮೇಲೆ ನೆಯ್ದರೆ ಯಾವ ಮನೆಯಲ್ಲೂ ಅದು ಸುಳ್ಳಾಗುವುದಿಲ್ಲ. ಹೀಗೆ:

‘ಎಲ್ಲರಿಗೂ ನಮಸ್ಕಾರ. ಇವತ್ತಿನ ಮದುಮಗ ನನ್ನ ತಮ್ಮ. ಹುಟ್ಟುತ್ತಲೇ ಯಾರೂ ದೊಡ್ಡವರಾಗಿರುವುದಿಲ್ಲ. ಹಿಂದೆ ಇನ್ನೊಬ್ಬರು ಬಂದರೆ ತಾನೇ ನಾವು ದೊಡ್ಡವರು? ನನಗೆ ಆ ಪದವಿ ಕೊಟ್ಟವರಲ್ಲಿ ಇವನೂ ಒಬ್ಬ. ನಾನೇನು ಅರ್ಜಿ ಹಾಕಿರಲಿಲ್ಲ. ಈಗ ರಾಜೀನಾಮೆ ಕೊಡುತ್ತೇನೆಂದರೂ ಯಾರೂ ತಗೊಳ್ಳುವುದಿಲ್ಲ. ಈ ಪದವಿಯ ಜೊತೆಗೆ ಬರುವ ಒಂದೇ ಒಂದು ಹಕ್ಕು ಅಂದರೆ ಇವನಿಗೆ ಬುದ್ಧಿ ಹೇಳುವುದು. ಇವತ್ತಿನಿಂದ ಆ ಹಕ್ಕಿಗೂ ಒಬ್ಬರು ಪಾಲುದಾರರು ಬಂದಿದ್ದಾರೆ. ನಿಮ್ಮನ್ನು ನಮ್ಮ ಮನೆಗೆ ಸಂತೋಷದಿಂದ ಬರಮಾಡಿಕೊಳ್ಳುತ್ತೇನೆ. ಇವನ ವಿಷಯದಲ್ಲಿ ನಿಮಗೆ ಗೊತ್ತಿರುವುದೇ ಬೇರೆ, ನಮಗೆ ಗೊತ್ತಿರುವುದೇ ಬೇರೆ; ಬಿಡುವಾದಾಗ ಕೂತು ತಾಳೆ ನೋಡೋಣ. ತಮ್ಮಾ, ಇಲ್ಲಿಯತನಕ ನಾನು ಒಂದು ಹೆಜ್ಜೆ ಮುಂದೆ, ನೀನು ಹಿಂದೆ. ಇನ್ನು ನೀನು ಯಾರ ಹಿಂದೂ ನಡೆಯಬೇಕಾಗಿಲ್ಲ, ಜೊತೆಗೆ ನಡೆಯುವವರು ಸಿಕ್ಕಿದ್ದಾರೆ. ಇಬ್ಬರೂ ಚೆನ್ನಾಗಿ ಬಾಳಿ. ಎಲ್ಲರೂ ದಯವಿಟ್ಟು ಎದ್ದು ಲೋಟ ಎತ್ತಬೇಕು. ಮದುಮಕ್ಕಳಿಗೆ!’

ನಿಧಾನವಾಗಿ ಓದಿದರೆ ಇದಕ್ಕೆ ಒಂದು ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತದೆ. ಟೋಸ್ಟಿಗೆ ಎರಡು–ಮೂರು ನಿಮಿಷ ಒಳ್ಳೆಯ ಅಳತೆ. ವಿವರವಿಲ್ಲದ ಟೋಸ್ಟಿಗೆ ಅದಕ್ಕೂ ಕಡಿಮೆಯೇ ಒಳ್ಳೆಯದು, ಏಕೆಂದರೆ ಉದ್ದ ಎಳೆದಷ್ಟೂ ಒಳಗಿನ ಖಾಲಿ ಕಾಣುತ್ತದೆ.

ಈ ಮಾತನ್ನು ಅಣ್ಣ ಹೇಳಬಹುದು, ಅಕ್ಕನೂ ಹೇಳಬಹುದು, ಒಂದಕ್ಷರ ಬದಲಿಸಬೇಕಾಗಿಲ್ಲ. ಇದು ಕನ್ನಡದ ಅನುಕೂಲ. ‘ಹೇಳುತ್ತೇನೆ’, ‘ಬಂದೆ’ ಎಂಬ ಉತ್ತಮ ಪುರುಷದ ಕ್ರಿಯಾಪದಕ್ಕೆ ನಮ್ಮಲ್ಲಿ ಹೆಣ್ಣು–ಗಂಡೆಂಬ ಭೇದವಿಲ್ಲ. ಹಿಂದಿಯಲ್ಲಿ ಬರೆಯುವುದಾದರೆ ಮೊದಲ ಕ್ರಿಯಾಪದದಲ್ಲೇ ಗುಟ್ಟು ರಟ್ಟಾಗುತ್ತಿತ್ತು. ಆದರೆ ‘ದೊಡ್ಡವಳಾಗಿ’, ‘ದೊಡ್ಡವನಾಗಿ’ ಎಂಬಂಥ ನಾಮಪದಗಳು ಬಿಟ್ಟುಕೊಡುತ್ತವೆ. ಅದಕ್ಕೇ ಮೇಲಿನ ಮಾತಿನಲ್ಲಿ ‘ದೊಡ್ಡವರು’ ಎಂದಿದೆ. ‘ಪಾಲುದಾರರು’, ‘ಜೊತೆಗೆ ನಡೆಯುವವರು’ ಎಂಬ ಬಹುವಚನಗಳೂ ಅಷ್ಟೇ. ಕೇಳುವವರಿಗೆ ಅದು ಗೌರವ, ಬರೆಯುವವರಿಗೆ ತಿಳಿಯದ್ದನ್ನು ತಿಳಿಯದಂತೆಯೇ ಬಿಡುವ ಉಪಾಯ. ತಮ್ಮನಿಗೆ ‘ನೀನು’, ಹೊಸದಾಗಿ ಬಂದವರಿಗೆ ‘ನೀವು’. ಮೊದಲೇ ಸಲಿಗೆ ಇರುವ ಮನೆಯಾದರೆ ಮಾತಾಡುವವರೇ ಅದನ್ನು ‘ನೀನು’ ಮಾಡಿಕೊಳ್ಳುತ್ತಾರೆ. ಮೊದಲೇ ‘ನೀನು’ ಎಂದು ಬರೆದಿಟ್ಟು ಅದು ತಪ್ಪಾದರೆ ಸಭೆಯ ನಡುವೆ ನಾಲಿಗೆ ತಡವರಿಸುತ್ತದೆ.

‘ಪದವಿ ಕೊಟ್ಟವರಲ್ಲಿ ಇವನೂ ಒಬ್ಬ’ ಎಂಬಲ್ಲಿನ ‘ಇವನೂ’ ಬೇಕೆಂದೇ ಇಟ್ಟದ್ದು. ಇವನಿಗಿಂತ ಮುಂಚೆ ಒಬ್ಬಳು ತಂಗಿ ಹುಟ್ಟಿರಬಹುದು. ಆಗ ಪದವಿ ಕೊಟ್ಟವಳು ಅವಳು. ‘ಇವನೇ ಕೊಟ್ಟ’ ಎಂದುಬಿಟ್ಟರೆ ಆ ತಂಗಿ ಅಲ್ಲೇ ಸಭೆಯಲ್ಲಿ ಕೂತಿರುತ್ತಾಳೆ.

ಇಂಥ ಬರಹದಲ್ಲಿ ಆಗುವ ದೊಡ್ಡ ತಪ್ಪುಗಳು ಎರಡು, ಮತ್ತು ಒಂದು ಇನ್ನೊಂದಕ್ಕೆ ವಿರುದ್ಧ ದಿಕ್ಕಿನದು. ಖಾಲಿ ಜಾಗಕ್ಕೆ ಹೆದರಿ ಗುಣವಿಶೇಷಣಗಳನ್ನು ಸುರಿಯುವುದು ಮೊದಲನೆಯದು: ಒಳ್ಳೆಯವನು, ಮೃದು ಸ್ವಭಾವದವನು, ಎಲ್ಲರಿಗೂ ಬೇಕಾದವನು. ಇದು ಯಾವ ವರನಿಗೂ ಹೊಂದುತ್ತದೆ, ಬೀಳ್ಕೊಡುಗೆ ಸಮಾರಂಭಕ್ಕೂ ಹೊಂದುತ್ತದೆ. ಪತ್ತೆ ಹಚ್ಚುವುದು ಸುಲಭ. ‘ತಮ್ಮ’ ಇರುವ ಕಡೆ ‘ಗೆಳೆಯ’ ಎಂದು ಹಾಕಿ ಓದಬೇಕು. ಸಾಲು ಅಲುಗದೆ ನಿಂತರೆ ಅದು ತಮ್ಮನ ಸಾಲಲ್ಲ. ಆಮೇಲೆ ‘ಅಣ್ಣ’ ಎಂದು ಹಾಕಿ ಓದಬೇಕು. ‘ಹಿಂದೆ ಇನ್ನೊಬ್ಬರು ಬಂದರೆ ತಾನೇ’ ಎಂಬ ಮಾತು ಅಲ್ಲಿ ತಕ್ಷಣ ಮುರಿದುಬೀಳುತ್ತದೆ. ಮುರಿದರೆ ಒಳ್ಳೆಯದು, ಸಾಲು ತನ್ನ ಜಾಗದಲ್ಲೇ ಇದೆ ಎಂದರ್ಥ.

ಎರಡನೆಯ ತಪ್ಪು ನೆನಪುಗಳನ್ನು ಹುಟ್ಟಿಸುವುದು. ಸೈಕಲ್ ಕಲಿಸಿದ್ದು, ಮಾವಿನಮರ ಹತ್ತಿದ್ದು, ಅಪ್ಪನ ಬೈಗುಳವನ್ನು ತಾನು ತಿಂದು ತಮ್ಮನನ್ನು ಉಳಿಸಿದ್ದು. ಓದಲು ಮುದ್ದಾಗಿರುತ್ತವೆ. ಆದರೆ ಭಾಷಣ ಕೇಳುವವರಲ್ಲಿ ಅರ್ಧದಷ್ಟು ಜನ ಆ ಮನೆಯವರೇ ಆಗಿರುತ್ತಾರೆ. ನಡೆಯದ ಸಂಗತಿ ಬಂದ ಕೂಡಲೇ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ತಮ್ಮನ ಮುಖವಂತೂ ಎಲ್ಲರಿಗೂ ಕಾಣುವ ಜಾಗದಲ್ಲೇ ಇರುತ್ತದೆ. ಮೇಲಿನ ಮಾದರಿಯಲ್ಲಿ ‘ಒಂದು ದಿನ ಹೀಗಾಯಿತು’ ಎನ್ನುವ ವಾಕ್ಯ ಒಂದೂ ಇಲ್ಲ.

ಹಾಗೆಂದು ಈ ಮಾದರಿಯನ್ನು ಹೀಗೆಯೇ ಓದಿಬಿಡುವುದು ಅತ್ಯುತ್ತಮವೇನಲ್ಲ. ಇದು ಎಲ್ಲರಿಗೂ ಸಲ್ಲುವ ಅಂಗಿ, ಯಾರ ಅಳತೆಗೂ ಹೊಲಿದದ್ದಲ್ಲ. ನಿಜವಾದ ಒಂದೇ ಒಂದು ವಿವರ ಸಿಕ್ಕಿದರೂ ಬಟ್ಟೆ ಮೈಗೆ ಕೂರುತ್ತದೆ. ಅಕ್ಕನಿಗೂ ತಮ್ಮನಿಗೂ ಏಳು ವರ್ಷದ ಅಂತರ ಎಂದು ತಿಳಿಯಿತು ಎನ್ನೋಣ. ಆಗ ‘ಹಿಂದೆ ಇನ್ನೊಬ್ಬರು ಬಂದರೆ ತಾನೇ ನಾವು ದೊಡ್ಡವರು’ ಎಂಬುದರ ಬದಲಿಗೆ ‘ಏಳು ವರ್ಷ ಮನೆಯಲ್ಲಿ ನಾನೊಬ್ಬಳೇ ಮಗು, ಎಂಟನೆಯ ವರ್ಷ ಇವನು ಬಂದ, ನನ್ನ ಕೆಲಸ ಹೋಯಿತು’ ಎನ್ನಬಹುದು. ಆದರೆ ನಡುವೆ ಬೇರೆ ಮಕ್ಕಳಿಲ್ಲ ಎಂದು ಕೇಳಿಕೊಂಡ ಮೇಲೆಯೇ. ಬರೆದುಕೊಡುವವರು ಕೇಳಬೇಕಾದ ಪ್ರಶ್ನೆಗಳೂ ಹತ್ತಾರಿಲ್ಲ. ಇಬ್ಬರ ನಡುವೆ ಎಷ್ಟು ವರ್ಷ? ಮನೆಯಲ್ಲಿ ಅವನನ್ನು ಏನೆಂದು ಕರೆಯುತ್ತೀರಿ? ಸಂಗಾತಿಯ ಹೆಸರೇನು, ಅದನ್ನು ಉಚ್ಚರಿಸುವುದು ಹೇಗೆ? ಮನೆಯವರು ಮಾತ್ರ ಬಳಸುವ ಅಡ್ಡಹೆಸರನ್ನು ಸಭೆಯಲ್ಲಿ ಹೇಳಬಹುದೇ ಎಂದು ಮಾತ್ರ ತಮ್ಮನನ್ನೇ ಕೇಳುವುದು ಕ್ಷೇಮ.

ಕೊನೆಯ ಸಾಲಿನ ಲೆಕ್ಕ ಬೇರೆ. ಅದನ್ನು ಅತಿಥಿಗಳು ಒಟ್ಟಿಗೆ ತಿರುಗಿ ಹೇಳಬೇಕು, ಆದ್ದರಿಂದ ಒಂದೆರಡು ಪದ ಮೀರಬಾರದು. ಇಂಗ್ಲಿಷಿನವರು ‘ಟು’ ಎಂದು ಹೆಸರಿಗೆ ಮೊದಲು ಹಚ್ಚುವುದನ್ನು ಕನ್ನಡ ಚತುರ್ಥಿ ವಿಭಕ್ತಿಯಲ್ಲಿ ಮುಗಿಸುತ್ತದೆ: ಹೆಸರು ಗೊತ್ತಿದ್ದರೆ ಇಬ್ಬರ ಹೆಸರಿಗೂ ‘ಗೆ’, ಇಲ್ಲದಿದ್ದರೆ ‘ಮದುಮಕ್ಕಳಿಗೆ’. ಲೋಟ ಎತ್ತಿ ಎಂಬ ಸೂಚನೆ ಈ ಸಾಲಿಗಿಂತ ಮುಂಚೆ ಬರಬೇಕು, ಮತ್ತು ಎಲ್ಲರೂ ಎದ್ದು ನಿಲ್ಲುವತನಕ ಮಾತಾಡುವವರು ತಡೆದು ನಿಲ್ಲಬೇಕು. ಅವಸರಪಟ್ಟರೆ ಕುರ್ಚಿ ಸರಿಯುವ ಸದ್ದಿನಲ್ಲಿ ಹೆಸರು ಕಳೆದುಹೋಗುತ್ತದೆ. ಲೋಟದಲ್ಲಿ ದ್ರಾಕ್ಷಿರಸವಿದ್ದರೂ ನಡೆಯುತ್ತದೆ. ಇಷ್ಟಾದ ಮೇಲೆ ಎಲ್ಲರೂ ಕುಡಿಯುತ್ತಾರೆ, ಇಬ್ಬರನ್ನು ಬಿಟ್ಟು: ತಮ್ಮ ಹೆಸರಿನ ಟೋಸ್ಟಿಗೆ ತಾವೇ ಕುಡಿಯಬಾರದು ಎಂಬುದು ಆ ಪದ್ಧತಿಯ ಮರ್ಯಾದೆ. ಮದುಮಕ್ಕಳು ಕೂತಲ್ಲೇ ಕೂತು, ಲೋಟ ಮುಟ್ಟದೆ, ನಗುತ್ತಾ ತಲೆಬಾಗಿದರೆ ಸಾಕು.